ಸೋತವನ ಪ್ರಕರಣದಲ್ಲಿ ಹುಟ್ಟಿದ ಕಾನೂನು

ತೀರ್ಪಿಗೆ ಆಧಾರವಾದ ತತ್ವ ರೇಶಿಯೋ ಡಿಸಿಡೆಂಡೈ; ಪ್ರಾಸಂಗಿಕವಾಗಿ ಬಂದ ಮಾತು ಆಬಿಟರ್ ಡಿಕ್ಟಾ. ನ್ಯಾಯಶಾಸ್ತ್ರದ ಬಹುಆಯ್ಕೆ ಪ್ರಶ್ನೆಗಳಲ್ಲಿ ಈ ಜೋಡಿ ಪದೇ ಪದೇ ಬರುತ್ತದೆ. ಇವುಗಳ ವ್ಯತ್ಯಾಸ ಇಂಗ್ಲೆಂಡಿನ ಒಂದು ತತ್ವದ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ.

1951ರಲ್ಲಿ ಕ್ಯಾಂಡ್ಲರ್ ಪ್ರಕರಣ ಅಲ್ಲಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ಲೆಕ್ಕಪರಿಶೋಧಕರು ಅಜಾಗರೂಕತೆಯಿಂದ ತಯಾರಿಸಿದ ಲೆಕ್ಕಪತ್ರ ನಂಬಿ ಒಬ್ಬರು ಕಂಪನಿಯಲ್ಲಿ 2,000 ಪೌಂಡ್ ಹೂಡಿ ಕಳೆದುಕೊಂಡಿದ್ದರು. ಅವರಿಗೂ ಪರಿಶೋಧಕರಿಗೂ ಕರಾರಿರಲಿಲ್ಲ. ಹಾಗಾಗಿ ಹೊಣೆಯಿಲ್ಲ ಎಂದರು ಇಬ್ಬರು ನ್ಯಾಯಮೂರ್ತಿಗಳು. ಹೊಣೆ ಇದೆ ಎಂದವರು ಡೆನ್ನಿಂಗ್ ಒಬ್ಬರೇ. ಬಹುಮತದ ತತ್ವ ಕೆಳಗಿನ ನ್ಯಾಯಾಲಯಗಳನ್ನು ಕಟ್ಟಿಹಾಕಿತು. ಡೆನ್ನಿಂಗ್ ಅವರ ಭಿನ್ನಮತಕ್ಕೆ ಇದ್ದದ್ದು ಮನವೊಲಿಸುವ ಬಲ ಮಾತ್ರ.

1963ರಲ್ಲಿ ಹೆಡ್ಲಿ ಬರ್ನ್ ಪ್ರಕರಣ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಹೆಡ್ಲಿ ಬರ್ನ್ ಒಂದು ಜಾಹೀರಾತು ಸಂಸ್ಥೆ. ತನ್ನ ಗ್ರಾಹಕನ ಆರ್ಥಿಕ ಸ್ಥಿತಿ ಹೇಗಿದೆ ಎಂದು ಅದು ತನ್ನ ಬ್ಯಾಂಕಿನ ಮೂಲಕ ಆ ಗ್ರಾಹಕನ ಬ್ಯಾಂಕಾದ ಹೆಲ್ಲರ್ ಅನ್ನು ವಿಚಾರಿಸಿತು. ಒಳ್ಳೆಯ ಉತ್ತರವೇ ಬಂತು, ಆದರೆ ಇದಕ್ಕೆ ನಾವು ಹೊಣೆಯಲ್ಲ ಎಂಬ ಷರತ್ತಿನೊಂದಿಗೆ. ಗ್ರಾಹಕ ಸಂಸ್ಥೆ ಮುಳುಗಿತು, ಸುಮಾರು 17,000 ಪೌಂಡ್ ಹೋಯಿತು. ಷರತ್ತಿನ ಕಾರಣಕ್ಕೇ ಹೆಡ್ಲಿ ಬರ್ನ್ ಸೋತಿತು. ಆದರೂ ಲಾರ್ಡ್‌ಗಳು ಒಂದು ಮಾತು ಹೇಳಿದರು: ವಿಶೇಷ ನಂಬಿಕೆಯ ಸಂಬಂಧವಿದ್ದು, ಅಂಥ ಷರತ್ತು ಇಲ್ಲದಿದ್ದರೆ, ಅಜಾಗರೂಕ ಹೇಳಿಕೆಗೆ ಹೊಣೆ ಬರಬಹುದು, ಕ್ಯಾಂಡ್ಲರ್ ತೀರ್ಪು ಸರಿಯಲ್ಲ.

ಇದು ಯಾವ ಬಗೆಯ ಮಾತು? ಅಮೆರಿಕದ ಯೂಜೀನ್ ವ್ಯಾಂಬೋ ಕೊಟ್ಟ ಪರೀಕ್ಷೆ ಹೀಗಿದೆ: ತತ್ವವನ್ನು ತಿರುಗಿಸಿ ಹಾಕಿ ನೋಡಿ, ಫಲಿತಾಂಶ ಬದಲಾಗದಿದ್ದರೆ ಅದು ರೇಶಿಯೋ ಅಲ್ಲ. ‘ಹೊಣೆ ಎಂದಿಗೂ ಬಾರದು’ ಎಂದಿಟ್ಟುಕೊಂಡರೂ ಹೆಡ್ಲಿ ಬರ್ನ್ ಸೋಲುತ್ತಿತ್ತು. ಆದ್ದರಿಂದ ಈ ಪರೀಕ್ಷೆಯ ಪ್ರಕಾರ ಅದು ಆಬಿಟರ್. ಆದರೆ ಅತ್ಯುನ್ನತ ಪೀಠ ಬೇಕೆಂದೇ ವಿವರವಾಗಿ ಹೇಳಿದ ಮಾತನ್ನು ಕೆಳಗಿನ ನ್ಯಾಯಾಲಯಗಳು ಕಡೆಗಣಿಸಲಿಲ್ಲ. 1976ರ ಎಸ್ಸೋ–ಮಾರ್ಡನ್ ಪ್ರಕರಣದಲ್ಲಿ, ಪೆಟ್ರೋಲ್ ಬಂಕಿನ ಮಾರಾಟದ ತಪ್ಪು ಅಂದಾಜು ಕೊಟ್ಟ ಕಂಪನಿಯ ಮೇಲೆ ಹೊಣೆ ಹೊರಿಸಲು ಮೇಲ್ಮನವಿ ನ್ಯಾಯಾಲಯ ಇದೇ ತತ್ವವನ್ನು ಬಳಸಿತು. ಆಗ ಅದು ತೀರ್ಪಿನ ಆಧಾರಗಳಲ್ಲೊಂದಾಯಿತು.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಎರಡು ಪ್ರಶ್ನೆಗಳನ್ನು ಬೆರೆಸಿದಾಗ. ಮಾತು ತೀರ್ಪಿಗೆ ಅಗತ್ಯವಿತ್ತೇ ಎಂಬುದು ಮೊದಲನೆಯದು. ಹೇಳಿದ ನ್ಯಾಯಾಲಯ ಕೇಳುವ ನ್ಯಾಯಾಲಯಕ್ಕಿಂತ ಮೇಲಿನದೇ ಎಂಬುದು ಎರಡನೆಯದು. ಕರ್ನಾಟಕ ಹೈಕೋರ್ಟಿನ ರೇಶಿಯೋ ಧಾರವಾಡದ ಜಿಲ್ಲಾ ನ್ಯಾಯಾಲಯವನ್ನು ಕಟ್ಟುತ್ತದೆ, ಮದ್ರಾಸ್ ಹೈಕೋರ್ಟನ್ನು ಕಟ್ಟುವುದಿಲ್ಲ. ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು ಸಂವಿಧಾನದ 141ನೇ ವಿಧಿಯಂತೆ ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟುತ್ತದೆ. ‘ರೇಶಿಯೋ ಎಲ್ಲೆಡೆ ಬಂಧನಕಾರಿ’ ಎಂಬ ಆಯ್ಕೆ ಕಂಡರೆ ಗುರುತು ಹಾಕಬೇಡಿ.