ಹದಿನಾಲ್ಕರ ಲೆಕ್ಕ: ಒಂದು ಸಾಲಿನ ಛಂದಸ್ಸನ್ನು ಗುರುತಿಸುವ ಬಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಂದ ಬಂದಿರುವ ಸಹೃದಯರೆ,

ಈ ಮೂರು ಊರುಗಳ ಹೆಸರಿನಿಂದಲೇ ಮಾತು ಶುರುಮಾಡುತ್ತೇನೆ. ಇವುಗಳಲ್ಲಿ ಒಂದನ್ನೂ ಭಾಮಿನಿ ಷಟ್ಪದಿಯ ಸಾಲಿನ ಮೊದಲಿಗೆ ಇಡಲು ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ನೋಡಿದರೆ ಮಾತ್ರೆ ಎಣಿಸುವ ವಿದ್ಯೆಯ ಮುಖ್ಯ ಭಾಗ ತಿಳಿದಂತೆ.

ನಿಯಮ ಶಾಲೆಯಲ್ಲಿ ಕಲಿತದ್ದೇ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ವಿಸರ್ಗಗಳಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವೆಲ್ಲ ಗುರು, ಎರಡು ಮಾತ್ರೆ. ಭಾಮಿನಿಯ 1, 2, 4, 5ನೆಯ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆ. ಅವು ಬರುವುದು ಮೂರು, ನಾಲ್ಕು, ಮೂರು, ನಾಲ್ಕು ಎಂಬ ಗಣಗಳಾಗಿ. 3 ಮತ್ತು 6ನೆಯ ಸಾಲುಗಳಲ್ಲಿ ಈ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ ಇಪ್ಪತ್ತಮೂರಾಗುತ್ತದೆ.

ಈಗ ‘ಬೈಂದೂರು’ ನೋಡಿ. ಬೈಂ ಎರಡು, ದೂ ಎರಡು, ರು ಒಂದು. ಮೊದಲ ಗಣ ಮೂರು ಮಾತ್ರೆಗೆ ಮುಗಿಯಬೇಕು; ಆ ಗೆರೆ ‘ದೂ’ ಎಂಬ ಅಕ್ಷರದ ನಡುವೆ ಬೀಳುತ್ತದೆ. ಅಕ್ಷರವನ್ನು ಎರಡು ತುಂಡು ಮಾಡಲಾಗದು. ‘ಕುಂದಾಪುರ’, ‘ಬ್ರಹ್ಮಾವರ’ ಕೂಡ ಎರಡು ಗುರುಗಳಿಂದ ಶುರುವಾಗುವ ಹೆಸರುಗಳೇ, ತೊಂದರೆಯೂ ಅದೇ. ಆದರೆ ಮುಂದೆ ಮೂರು ಮಾತ್ರೆಯ ಒಂದು ಪದ ಇಟ್ಟರೆ ಆ ಎರಡು ಗುರುಗಳು ನಾಲ್ಕರ ಗಣದಲ್ಲಿ ಹಾಯಾಗಿ ಕೂರುತ್ತವೆ. ಲೆಕ್ಕ ತೋರಿಸುವುದಕ್ಕಾಗಿ ಅರ್ಧ ಭಾಮಿನಿಯೊಂದನ್ನು ನಾನೇ ಹೊಸೆದಿದ್ದೇನೆ. ಕವಿತ್ವವನ್ನು ದಯವಿಟ್ಟು ಹುಡುಕಬೇಡಿ.

ಗಡಿಯ | ಬೈಂದೂ | ರಿನಲಿ | ಹೊರಟೆನು
ಕಡಲ | ಕುಂದಾ | ಪುರವ | ದಾಟುತ
ನಡೆದು | ಬ್ರಹ್ಮಾ | ವರದ | ಬಯಲಿನ | ಗದ್ದೆ | ಯೊಳಗಿಳಿ | ದೆ

ಮೊದಲ ಸಾಲಿನಲ್ಲಿ ಅಕ್ಷರ ಹನ್ನೆರಡು, ಎರಡನೆಯದರಲ್ಲಿ ಹನ್ನೊಂದು. ಮಾತ್ರೆ ಎರಡರಲ್ಲೂ ಹದಿನಾಲ್ಕು. ಅಕ್ಷರ ಹೊಂದದೆ ಮಾತ್ರೆ ಹೊಂದಿದರೆ ಅದು ವೃತ್ತವಲ್ಲ, ಮಾತ್ರಾಛಂದಸ್ಸು. ಉತ್ಪಲಮಾಲೆಯಾಗಿದ್ದರೆ ನಾಲ್ಕು ಸಾಲಿಗೂ ಇಪ್ಪತ್ತಿಪ್ಪತ್ತು ಅಕ್ಷರ ಇರಬೇಕಿತ್ತು, ಗುರುಲಘುಗಳು ಬರುವ ಸ್ಥಾನವೂ ಬದಲಾಗದೆ ಇರಬೇಕಿತ್ತು. ಆದ್ದರಿಂದ ಮೊದಲು ಅಕ್ಷರ ಎಣಿಸಿ, ಆಮೇಲೆ ಮಾತ್ರೆ. ಕೊನೆಯ ‘ದೆ’ ಲಘುವಾದರೂ ಸಾಲಿನ ಅಂತ್ಯದಲ್ಲಿ ಇರುವುದರಿಂದ ಗುರುವೆಂದೇ ಲೆಕ್ಕ.

ಮೂರನೆಯ ಸಾಲಿನಲ್ಲಿ ಒಂದು ತಕರಾರು ಇದೆ, ಗಮನಿಸಿದ್ದೀರೋ ಏನೋ. ‘ನಡೆದು’ ಆದಮೇಲೆ ಬರುವ ಪದ ಒತ್ತಕ್ಷರದಿಂದ ಶುರುವಾಗುತ್ತದೆ. ಹಾಗಾದರೆ ‘ದು’ ಗುರುವಾಗಬೇಡವೆ? ಗುರುವೆಂದರೆ ಮೊದಲ ಗಣ ನಾಲ್ಕಾಗಿ ಇಡೀ ಸಾಲು ಜಾರುತ್ತದೆ. ಬೇರೆ ಬೇರೆ ಪದಗಳ ನಡುವೆ ಹೀಗೆ ಬಂದಾಗ ಒತ್ತನ್ನು ತೇಲಿಸಿ ಹಿಂದಿನದನ್ನು ಲಘುವಾಗಿಯೇ ಉಳಿಸಿಕೊಂಡ ಕವಿಗಳೂ ಇದ್ದಾರೆ, ಊದಿ ಗುರು ಮಾಡಿದವರೂ ಇದ್ದಾರೆ. ಇಲ್ಲಿ ತೀರ್ಪು ಕೊಡಬೇಕಾದ್ದು ಆ ಪದ್ಯದ ಉಳಿದ ಸಾಲುಗಳು. ಒಂಟಿ ಸಾಲನ್ನು ಕಿತ್ತುಕೊಟ್ಟು ‘ಇದು ಯಾವ ಛಂದಸ್ಸು?’ ಎಂದು ಪರೀಕ್ಷೆಯಲ್ಲಿ ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಯಾಕೆಂದರೆ ಮೊತ್ತ ಮೋಸ ಮಾಡುತ್ತದೆ. ‘ತೀರದಲಿ ಮೀನಬಲೆ ಬೀಸಿದ’ ಎಂಬ ಸಾಲು ಇಟ್ಟುಕೊಳ್ಳಿ. ಕೂಡಿದರೆ ಹದಿನಾಲ್ಕು. ‘ತೀರ, ದಲಿ ಮೀ, ನ ಬಲೆ, ಬೀಸಿದ’ ಎಂದು ಕತ್ತರಿಸಿದರೆ ಭಾಮಿನಿಯ ಗಣಗಳೂ ಕಾಗದದ ಮೇಲೆ ಸರಿಯಾಗಿ ಬರುತ್ತವೆ. ಆದರೆ ಬಾಯಿಬಿಟ್ಟು ಓದಿ: ತೀರದಲಿ, ಮೀನಬಲೆ, ಬೀಸಿದ. ಐದು, ಐದು, ನಾಲ್ಕು. ಐದರ ನಡೆ ಅದು. ಪದಗಳು ಗಣದ ಗೆರೆಯನ್ನು ದಾಟಬಾರದೆಂದೇನೂ ಇಲ್ಲ, ಭಾಮಿನಿಯಲ್ಲಿ ಧಾರಾಳವಾಗಿ ದಾಟುತ್ತವೆ. ಹಾಗಾಗಿ ಈ ಒಂದು ಸಾಲಿನ ಮೇಲೆ ನ್ಯಾಯ ಹೇಳಲಾಗದು. ‘ತೀರದಲಿ’ ತೆಗೆದು ‘ಮರವಂತೆ’ ಹಾಕಿ ನೋಡಿ. ಮ ಒಂದು, ರ ಒಂದು, ವಂ ಎರಡು, ತೆ ಒಂದು. ಮೊತ್ತ ಈಗಲೂ ಹದಿನಾಲ್ಕೇ, ಆದರೆ ಮೂರನೆಯ ಮಾತ್ರೆಯ ಗೆರೆ ‘ವಂ’ ನಡುವೆ ಬಿತ್ತು. ಭಾಮಿನಿಯ ದಾರಿ ಅಲ್ಲಿಗೆ ಮುಚ್ಚಿತು. ಐದೈದರ ನಡೆಯಾದ ವಾರ್ಧಕಕ್ಕೆ ಮಾತ್ರ ಮರವಂತೆ, ಬೈಂದೂರು, ಗಂಗೊಳ್ಳಿ ಎಲ್ಲವೂ ಸಾಲಿನ ಮೊದಲಿಗೇ ಒಗ್ಗುತ್ತವೆ. ಗೊತ್ತಿಲ್ಲದ ಪದ್ಯ ಕೈಗೆ ಬಂದರೆ ಮೊದಲು ಹುಡುಕಬೇಕಾದ್ದು ಹೀಗೆ ಗೆರೆಯ ಮೇಲೆ ಕೂತ ಗುರುವನ್ನು. ಅಂಥದ್ದು ಒಂದು ಸಿಕ್ಕರೂ ಸಾಕು, ಅನುಮಾನವಿದ್ದ ಎರಡು ನಡೆಗಳಲ್ಲಿ ಒಂದು ಬಿದ್ದುಹೋಗುತ್ತದೆ.

ಯಕ್ಷಗಾನದ ನಾಡಿನಲ್ಲಿ ಇಷ್ಟೆಲ್ಲ ಎಣಿಕೆ ಬೇಕೆ, ಕಿವಿ ಸಾಲದೆ ಎಂದು ಕೇಳಬಹುದು. ತಾಳಕ್ಕೆ ಹಾಡುವ ಪದವಾದರೆ ಕಿವಿ ಸಾಕು. ತ್ರಿವುಡೆಯಲ್ಲಿ ಏಳರ ನಡೆ, ಝಂಪೆಯಲ್ಲಿ ಐದರ ನಡೆ ಮದ್ದಳೆಯ ಪೆಟ್ಟಿನಲ್ಲೇ ಕೇಳುತ್ತದೆ. ಆದರೆ ಭಾಮಿನಿ, ವಾರ್ಧಕ, ಕಂದಗಳನ್ನು ಭಾಗವತರು ಸಾಮಾನ್ಯವಾಗಿ ತಾಳದ ಕಟ್ಟಿಲ್ಲದೆ ರಾಗವಾಗಿ ಎಳೆದು ಹಾಡುತ್ತಾರೆ. ಲಘುವಿನ ಮೇಲೂ ಆಲಾಪ ನಿಲ್ಲುತ್ತದೆ. ಹಾಡಿನಲ್ಲಿ ಎಳೆದ ಸ್ವರಕ್ಕೂ ಮಾತ್ರೆಯ ಲೆಕ್ಕಕ್ಕೂ ಸಂಬಂಧವಿಲ್ಲ. ಹಾಡು ಕೇಳಿ ಪ್ರಸ್ತಾರ ಹಾಕಹೊರಟವರು ಎಡವುವುದು ಇಲ್ಲಿಯೇ.

ಮೂರು-ನಾಲ್ಕರ ನಡೆ ಕಿವಿಗೆ ಬಿದ್ದ ಕೂಡಲೆ ಭಾಮಿನಿ ಎಂದುಬಿಡುವುದೂ ಅವಸರವೇ. ಬೈಂದೂರಿನ ಕಡೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ ಸಾಗುವುದು ಇದೇ ನಡೆಯಲ್ಲಿ, ಅದು ಷಟ್ಪದಿಯಲ್ಲ. ನಡೆ ಬೇರೆ, ಬಂಧ ಬೇರೆ. ಸಾಲುಗಳೆಷ್ಟು, ಯಾವ ಸಾಲು ಉದ್ದ, ಎರಡನೆಯ ಅಕ್ಷರದ ಪ್ರಾಸ ಇದೆಯೇ ಎಂದು ನೋಡಿದ ಮೇಲಷ್ಟೇ ಹೆಸರು ಹೇಳಬೇಕು.

ಕುಂದಗನ್ನಡದಲ್ಲಿ ಪದ್ಯ ಬರೆಯುವವರು ಈಗ ಹೆಚ್ಚಿದ್ದಾರೆ. ಅವರಿಗೆ ಹಳೆಯ ಛಂದೋಗ್ರಂಥಗಳು ಉತ್ತರ ಹೇಳದ ಒಂದು ಪ್ರಶ್ನೆ ಎದುರಾಗುತ್ತದೆ. ‘ಬಂತ್’, ‘ಹೋಯ್ಕ್’ ಎಂದು ಬರೆಯುತ್ತೇವೆ. ವ್ಯಂಜನಾಂತದ ನಿಯಮ ಹಿಡಿದರೆ ‘ಬಂತ್’ ಒಂದೇ ಗುರು, ಎರಡು ಮಾತ್ರೆ. ಆದರೆ ನಮ್ಮ ಬಾಯಲ್ಲಿ ಆ ತಕಾರದ ಬೆನ್ನಿಗೆ ಅರ್ಧ ಉಕಾರವೊಂದು ಇದೆ. ‘ಬಂತ್ ಮಳಿಗಾಲ’ ಎಂದು ಹೇಳಿ ನೋಡಿ: ಬಂತ್ ಮೂರು, ಮಳಿಗಾ ನಾಲ್ಕು, ಆಮೇಲೆ ‘ಲ’ ಮುಂದಿನ ಗಣಕ್ಕೆ. ನನ್ನ ಅಭಿಪ್ರಾಯ ಇದು: ಮುಂದೆ ವ್ಯಂಜನ ಬಂದರೆ ಈ ಅರ್ಧ ಉಕಾರವನ್ನು ಲಘುವೆಂದು ಎಣಿಸಬೇಕು, ಸ್ವರ ಬಂದರೆ ಅದು ಲೋಪವಾಗಿ ಸಂಧಿಯಾಗುತ್ತದೆ, ಎಣಿಸಬೇಕಿಲ್ಲ. ‘ಹೋಗಬೇಕು’ ಎಂಬ ಆರು ಮಾತ್ರೆಯ ಪದ ‘ಹೋಯ್ಕ್’ ಆಗಿ ಮೂರಕ್ಕೆ ಇಳಿಯುವುದರಿಂದ ಭಾಮಿನಿಯ ಮೊದಲ ಗಣಕ್ಕೆ ಅದು ಹೇಳಿಮಾಡಿಸಿದ ಪದವೂ ಹೌದು.

ಕೊನೆಗೆ, ಪ್ರಸಂಗ ಪುಸ್ತಕಗಳನ್ನು ಮರುಮುದ್ರಣ ಮಾಡುವವರಲ್ಲಿ, ಕರಡು ತಿದ್ದುವವರಲ್ಲಿ ಒಂದು ಬಿನ್ನಹ. ‘ಬೈಂದೂರಿನಲಿ’ ಎಂದಿರುವುದನ್ನು ತಪ್ಪೆಂದು ತಿಳಿದು ‘ಬೈಂದೂರಿನಲ್ಲಿ’ ಎಂದು ತಿದ್ದಿದರೆ ಒತ್ತಿನ ಹಿಂದಿನ ‘ನ’ ಗುರುವಾಗಿ ಸಾಲು ಹದಿನೈದಾಗುತ್ತದೆ. ಮೂರನೆಯ ಗಣ ‘ರಿನ’ ಎಂದು ಲಘುವಿನ ಮೇಲೆ ಗುರು ಬಂದು ಕುಂಟುತ್ತದೆ, ಕೊನೆಯಲ್ಲಿ ‘ನು’ ಹೊರಗೆ ಉಳಿಯುತ್ತದೆ. ಎಲ್ಲಾದರೂ ಹದಿನೈದು ಕಂಡರೆ ಕವಿಯನ್ನು ದೂರುವ ಮೊದಲು ಇಂಥ ಒತ್ತು ಹೊಸದಾಗಿ ಸೇರಿದೆಯೇ ನೋಡಿ. ತಿದ್ದುವ ಪೆನ್ನು ಎತ್ತುವ ಮುಂಚೆ ಸಾಲಿನ ಮಾತ್ರೆಗಳನ್ನು ದಯಮಾಡಿ ಒಮ್ಮೆ ಎಣಿಸಿ.