“ಇಲ್ಲ” ಅಂದದ್ದನ್ನೂ ಬರೆಯಬೇಕು

(ಮಹಿಳಾ ವೇದಿಕೆಯ ಮಾಸಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಫೀಸಿನ ಅನುಭವದ ಬಗ್ಗೆ ಏನಾದರೂ ಮಾತಾಡಿ ಎಂದು ವೇದಿಕೆಯವರು ಕೇಳಿದಾಗ, ನಾನು ಮಾಡಿದ ಒಂದು ತಪ್ಪನ್ನೇ ಹೇಳೋಣ ಅನ್ನಿಸಿತು. ದೊಡ್ಡ ತಪ್ಪೇನಲ್ಲ, ನಾಲ್ಕು ಸಾಲಿನದು. ನನ್ನ ತಂಡ ಬಿಟ್ಟು ಹೊರಟ ಹುಡುಗಿಯೊಬ್ಬಳಿಗೆ ಲಿಂಕ್ಡ್‌ಇನ್‌ನಲ್ಲಿ ಬರೆದುಕೊಟ್ಟ ಶಿಫಾರಸು ಅದು.

ಲಿಂಕ್ಡ್‌ಇನ್ ಬಳಸದವರಿಗಾಗಿ ಎರಡು ಮಾತು. ಅದು ಉದ್ಯೋಗದವರ ಜಾಲತಾಣ. ನಮ್ಮ ಓದು, ಕೆಲಸ ಎಲ್ಲವನ್ನೂ ಅಲ್ಲಿ ನಾವೇ ಬರೆದುಕೊಂಡಿರುತ್ತೇವೆ. ಆ ಪುಟದಲ್ಲಿ ಬೇರೆಯವರು ನಮ್ಮ ಬಗ್ಗೆ ವಾಕ್ಯಗಳಲ್ಲಿ ಬರೆಯುವ ಜಾಗ ಒಂದಿದೆ, ಅದೇ ‘ರೆಕಮೆಂಡೇಶನ್’. ಬರೆಯುವವರು ಮೊದಲು ತಾವು ಆ ವ್ಯಕ್ತಿಗೆ ಏನಾಗಬೇಕು, ಮ್ಯಾನೇಜರೋ ಸಹೋದ್ಯೋಗಿಯೋ, ಎಂದು ಆರಿಸಬೇಕು. ಬರೆದದ್ದು ಮೊದಲು ಆ ವ್ಯಕ್ತಿಗೇ ಹೋಗುತ್ತದೆ. ಅವರು ಒಪ್ಪಿ ಸೇರಿಸಿಕೊಂಡರೆ ಮಾತ್ರ ಪುಟದಲ್ಲಿ ಕಾಣುತ್ತದೆ. ಬದಲಾವಣೆ ಬೇಕಿದ್ದರೆ ಕೇಳಲೂಬಹುದು.

ಈ ಒಪ್ಪಿಗೆಯ ಪದ್ಧತಿಯಿಂದ ಒಂದು ತೊಂದರೆಯೂ ಇದೆ. ಬಯ್ಗುಳ ಇರುವ ಶಿಫಾರಸನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಅಲ್ಲಿ ಕಾಣುವುದೆಲ್ಲ ಹೊಗಳಿಕೆಯೇ ಎಂದು ಓದುವವರಿಗೂ ಗೊತ್ತು. ನಾನೂ ಸಂದರ್ಶನ ಮಾಡುವ ಕಡೆ ಕೂತವಳು. ‘ಪರಿಶ್ರಮಿ, ಪ್ರಾಮಾಣಿಕ, ತಂಡದ ಆಸ್ತಿ’ ಎಂಬ ಸಾಲುಗಳು ಬಂದರೆ ಕಣ್ಣು ತಾನಾಗಿಯೇ ಕೆಳಗೆ ಜಾರುತ್ತದೆ. ಹೊಗಳಿಕೆಗೆ ಅಲ್ಲಿ ಬೆಲೆ ಇಲ್ಲ, ವಿವರಕ್ಕೆ ಮಾತ್ರ ಬೆಲೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ ಕೇಳಿ.

ಆಕೆಯನ್ನು ಮೇಘನಾ ಎಂದು ಕರೆಯೋಣ, ನಿಜವಾದ ಹೆಸರಲ್ಲ. ಹುಬ್ಬಳ್ಳಿ ಕಡೆಯವಳು. ಇಲ್ಲಿ ಪುಣೆಯಲ್ಲಿ ಏಳು ಜನರ ನನ್ನ ತಂಡದಲ್ಲಿ 3 ವರ್ಷ ಇದ್ದಳು. ಅತ್ತೆಯವರ ಆರೋಗ್ಯ ಕೆಟ್ಟು, ಊರಿಗೆ ಹೋಗಿ ನಿಲ್ಲಲೇಬೇಕಾಯಿತು. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಮತ್ತೆ ಯಾವಾಗ ಕೆಲಸ ಹುಡುಕುವುದು ಎನ್ನುವುದೂ ಗೊತ್ತಿರಲಿಲ್ಲ. ನಮ್ಮ ಕ್ಷೇತ್ರದಲ್ಲಿ ನಡುವೆ ಹೀಗೆ ಬಿಡುವು ಬಿದ್ದರೆ, ಹಿಂದೆ ಮಾಡಿದ ಕೆಲಸವನ್ನೂ ಜನ ಅನುಮಾನದಿಂದ ನೋಡುತ್ತಾರೆ. ಅವಳಿಗೆ ಶಿಫಾರಸು ಬೇಕಾಗಿದ್ದು ಅದಕ್ಕೇ.

ಅವಳ ಕೊನೆಯ ವಾರ, ಎರಡು ಮೀಟಿಂಗುಗಳ ನಡುವಿನ ಹತ್ತು ನಿಮಿಷದಲ್ಲಿ ನಾನು ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: “ಮೇಘನಾ ತುಂಬಾ ಪರಿಶ್ರಮಿ, ಪ್ರಾಮಾಣಿಕ. ಯಾವಾಗಲೂ ನಗುಮುಖ. ಯಾವ ಕೆಲಸ ಕೊಟ್ಟರೂ ಇಲ್ಲ ಎಂದವಳಲ್ಲ. ಕುಟುಂಬದ ಜವಾಬ್ದಾರಿಗಾಗಿ ನಮ್ಮನ್ನು ಬಿಟ್ಟು ಹೋಗುತ್ತಿದ್ದಾಳೆ, ಅವಳಿಗೆ ಶುಭವಾಗಲಿ.”

ಕಳಿಸಿ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಸಂಜೆ ಚಹಾಕ್ಕೆ ಹೋದಾಗ ಮೇಘನಾ ಅಂದಳು: “ಅಕ್ಕಾರ, ಛಲೋ ಬರದೀರಿ. ಆದ್ರ ಇದು ನಾನೇನ್ರಿ? ನಾ ಯಾವತ್ತೂ ಇಲ್ಲ ಅಂದೇ ಇಲ್ಲೇನ್ರಿ?”

ನಗುತ್ತಲೇ ಕೇಳಿದಳು. ನನಗೆ ಮಾತ್ರ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಆ ಮೂರು ವರ್ಷದಲ್ಲಿ ಅವಳು ಮಾಡಿದ ಬಹಳ ದೊಡ್ಡ ಉಪಕಾರ ಒಂದು ಸಲ “ಇಲ್ಲ” ಅಂದದ್ದೇ. ಅದೂ ನನಗೇ.

ಆ ರಾತ್ರಿ ನಾನು ಬರೆದದ್ದನ್ನು ಮತ್ತೆ ಓದಿದೆ. ಮೇಘನಾ ಹೆಸರು ತೆಗೆದು ತಂಡದ ಬೇರೆ ಹುಡುಗಿಯ ಹೆಸರು ಹಾಕಿದೆ, ಸರಿಹೋಯಿತು. ನಮ್ಮ ರಿಸೆಪ್ಷನಿಸ್ಟ್ ಹೆಸರು ಹಾಕಿದೆ, ಅದೂ ಸರಿಹೋಯಿತು. ತಂಡದ ಹುಡುಗನೊಬ್ಬನ ಹೆಸರು ಹಾಕಿದಾಗ ಮಾತ್ರ ವಿಚಿತ್ರವಾಗಿ ಕಂಡಿತು. ಹುಡುಗನ ಬಗ್ಗೆ ನಾನು ‘ನಗುಮುಖ’ ಎಂದು ಬರೆಯುತ್ತಿರಲಿಲ್ಲ. ಮನೆಯ ಕಾರಣವನ್ನಂತೂ ಬರೆಯುತ್ತಲೇ ಇರಲಿಲ್ಲ.

ಇದು ನನ್ನೊಬ್ಬಳ ರೋಗವಲ್ಲ. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಇಬ್ಬರು ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದಿದ್ದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಓದಿ, 2003ರಲ್ಲಿ ಅಧ್ಯಯನ ಪ್ರಕಟಿಸಿದರು. ಹೆಂಗಸರಿಗೆ ಬರೆದ ಪತ್ರಗಳು ಸರಾಸರಿ ಚಿಕ್ಕವಾಗಿದ್ದವು. ‘ಕಷ್ಟಪಟ್ಟು ದುಡಿಯುತ್ತಾಳೆ’ ಎಂಬಂಥ ಮಾತು, ಮನೆ ಸಂಸಾರದ ಮಾತು ಅವರ ಪತ್ರಗಳಲ್ಲೇ ಹೆಚ್ಚು. ಬರೆದವರು ಕೆಟ್ಟವರೇನಲ್ಲ, ನನ್ನ ಹಾಗೆ ಪ್ರೀತಿಯಿಂದಲೇ ಬರೆದವರು.

ಮರುದಿನ ಮೇಘನಾಗೆ ಒಂದು ಗಂಟೆ ಸಮಯ ಕೇಳಿದೆ. ಕೊನೆಯ ದಿನ ಲ್ಯಾಪ್‌ಟಾಪ್ ಒಪ್ಪಿಸಿದ ಮೇಲೆ ಅವಳಿಗೆ ಹಳೆಯ ಮೇಲ್, ದಾಖಲೆ ಯಾವುದೂ ಸಿಗುವುದಿಲ್ಲ. ಹಾಗಾಗಿ ಹೋಗುವ ಮೊದಲೇ ಕೂರಬೇಕಿತ್ತು. ಎರಡೇ ಪ್ರಶ್ನೆ ಕೇಳಿದೆ. ಮುಂದೆ ನಿನಗೆ ಎಂಥ ಕೆಲಸ ಬೇಕು? ಈ ಮೂರು ವರ್ಷದಲ್ಲಿ ನೀನು ಇಲ್ಲದಿದ್ದರೆ ಆಗದಿದ್ದ ಕೆಲಸ ಯಾವುದು?

ವ್ಯವಸ್ಥೆಗಳು ಕೆಡದೆ ನಡೆಯುವಂತೆ ನೋಡಿಕೊಳ್ಳುವ ಕೆಲಸ ಬೇಕು ಅಂದಳು. ಅದಕ್ಕೆ ಹೊಂದುವ ಎರಡು ಘಟನೆ ಆರಿಸಿಕೊಂಡೆವು.

ಮೊದಲನೆಯದು, ರಾತ್ರಿ ಓಡುವ ಒಂದು ಪ್ರೋಗ್ರಾಂ. ದಿನದ ಪಾವತಿಗಳನ್ನೆಲ್ಲ ಎರಡು ಕಡೆಯ ಲೆಕ್ಕಕ್ಕೆ ತಾಳೆ ನೋಡುವುದು ಅದರ ಕೆಲಸ. ಅದು ಪ್ರತಿ ಪಾವತಿಗೂ ಒಂದೊಂದು ಸಲ ಡೇಟಾಬೇಸಿಗೆ ಹೋಗಿ ಬರುತ್ತಿತ್ತು. ಒಂದೊಂದು ಟೊಮೆಟೊಗೂ ಒಂದೊಂದು ಸಲ ಮಂಡಿಗೆ ಹೋಗಿಬಂದ ಹಾಗೆ. ಮೇಘನಾ ಅದನ್ನು ಕಂಡುಹಿಡಿದು, ಒಂದು ಸಲಕ್ಕೆ ಸಾವಿರ ಪಾವತಿ ತರುವಂತೆ ಬದಲಿಸಿದಳು. ಅರ್ಧದಲ್ಲಿ ಕೆಟ್ಟರೆ ಮೊದಲಿನಿಂದ ಶುರು ಮಾಡದೆ, ನಿಂತಲ್ಲಿಂದ ಮುಂದುವರಿಯುವಂತೆಯೂ ಮಾಡಿದಳು.

ಎಷ್ಟು ಬದಲಾಯಿತು? “ಆರು ತಾಸಿನದು ಒಂದು ತಾಸಿಗೆ ಬಂತು” ಎಂದು ಇಬ್ಬರಿಗೂ ನೆನಪು. ಲಾಗ್ ತೆಗೆದು ನೋಡಿದರೆ, ಬದಲಾವಣೆಗೆ ಮೊದಲಿನ ತಿಂಗಳ ಸರಾಸರಿ 5 ಗಂಟೆ 40 ನಿಮಿಷ, ನಂತರದ್ದು 1 ಗಂಟೆ 10 ನಿಮಿಷ. ನೆನಪು ಯಾವಾಗಲೂ ಸ್ವಲ್ಪ ಉಬ್ಬಿಸಿಯೇ ಹೇಳುತ್ತದೆ. ಇನ್ನೊಂದು ವಿಷಯವೂ ಹೊರಬಂತು. ಆ ವೇಗದಲ್ಲಿ ಒಂದು ಪಾಲು ಡೇಟಾಬೇಸ್ ನೋಡಿಕೊಳ್ಳುವ ಸಹೋದ್ಯೋಗಿ ಸೂಚಿಸಿದ ಇಂಡೆಕ್ಸಿನದು. “ಅವರ ಹೆಸರು ಬಿಟ್ರ ತಪ್ಪಾಗ್ತದರಿ” ಎಂದು ಮೇಘನಾಳೇ ಅಂದಳು. ಎಲ್ಲವೂ ಅವಳದೇ ಎಂದು ಬರೆದಿದ್ದರೆ, ನಾಳೆ ಸಂದರ್ಶನದಲ್ಲಿ ಇಂಡೆಕ್ಸಿನ ಬಗ್ಗೆ ಆಳವಾಗಿ ಕೇಳಿದಾಗ ಸಿಕ್ಕಿಬೀಳುವವಳು ಅವಳು, ನಾನಲ್ಲ.

ಎರಡನೆಯದು, ಆ “ಇಲ್ಲ”. ಹೊಸ ಆವೃತ್ತಿ ಬಿಡುಗಡೆಯಾಗುವ ಹಿಂದಿನ ಸಂಜೆ ಮೇಘನಾ ಬಂದು, ಹೊಸದು ಕೆಟ್ಟರೆ ಹಳೆಯದಕ್ಕೆ ಮರಳುವ ಸ್ಕ್ರಿಪ್ಟನ್ನು ಯಾರೂ ಪರೀಕ್ಷಿಸಿಲ್ಲ, ಬಿಡುಗಡೆ ಬೇಡ ಅಂದಳು. ನನಗೆ ಮೇಲಿನಿಂದ ಒತ್ತಡ. ಮುಂದುವರಿಯೋಣ ಅಂದೆ. ಅವಳು ಜಗಳವಾಡಲಿಲ್ಲ, ಹಿಂದೆಯೂ ಸರಿಯಲಿಲ್ಲ. ಆಗಬಹುದಾದದ್ದನ್ನು ಅರ್ಧ ಪುಟದಲ್ಲಿ ಬರೆದು ಕಳಿಸಿದಳು. ಬಿಡುಗಡೆ 2 ದಿನ ಮುಂದೆ ಹೋಯಿತು. ಪರೀಕ್ಷಿಸಿದಾಗ, ಆ ಸ್ಕ್ರಿಪ್ಟ್ ಒಂದು ಟೇಬಲ್ಲನ್ನೇ ಬಿಟ್ಟಿದ್ದು ಕಂಡಿತು. ಅಂದು ಹಿಂದಕ್ಕೆ ಮರಳಬೇಕಾಗಿ ಬಂದಿದ್ದರೆ ಲೆಕ್ಕ ಅರ್ಧ ಹಳೆಯದು, ಅರ್ಧ ಹೊಸದು ಆಗುತ್ತಿತ್ತು.

ಬರೆಯುವ ಮೊದಲು ಇನ್ನೊಂದು ಹೆಜ್ಜೆ ಇತ್ತು. ಮಾಜಿ ನೌಕರರ ಬಗ್ಗೆ ಮ್ಯಾನೇಜರುಗಳು ಸಾರ್ವಜನಿಕವಾಗಿ ಬರೆಯಬಾರದು ಎಂಬ ನಿಯಮ ಕೆಲವು ಕಂಪನಿಗಳಲ್ಲಿ ಇರುತ್ತದೆ, ಹಾಗಾಗಿ ಎಚ್‌ಆರ್ ಅವರನ್ನು ಕೇಳಿದೆ. ಗ್ರಾಹಕರ ಹೆಸರು, ದಿನಕ್ಕೆಷ್ಟು ಪಾವತಿ ಎಂಬ ಲೆಕ್ಕ ಹೊರಗೆ ಹೋಗಬಾರದು ಅಂದರು. ಗಂಟೆಗಳನ್ನು ಸುಮಾರಾಗಿ ಹೇಳಲು ಅಡ್ಡಿಯಿಲ್ಲ ಅಂದರು.

ಕೊನೆಗೆ ಬರೆದದ್ದು ಇದು, ಮತ್ತೆ ಕನ್ನಡದಲ್ಲಿ:

“ನಾನು 3 ವರ್ಷ ಮೇಘನಾ ಅವರ ನೇರ ಮ್ಯಾನೇಜರ್ ಆಗಿದ್ದೆ. ಪ್ರತಿ ರಾತ್ರಿ ಪಾವತಿಗಳ ಲೆಕ್ಕ ತಾಳೆ ನೋಡುವ ವ್ಯವಸ್ಥೆ ಅವರ ಜವಾಬ್ದಾರಿಯಾಗಿತ್ತು. ಐದೂವರೆ ಗಂಟೆಗೂ ಮೀರಿ ಹಿಡಿಯುತ್ತಿದ್ದ ಆ ಕೆಲಸ ನಿಧಾನವಾಗಲು ಕಾರಣವನ್ನು ಅವರೇ ಪತ್ತೆ ಮಾಡಿ, ಡೇಟಾಬೇಸ್ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಸುಮಾರು ಒಂದೂಕಾಲು ಗಂಟೆಗೆ ಇಳಿಸಿದರು. ಮಧ್ಯದಲ್ಲಿ ನಿಂತರೆ ಅಲ್ಲಿಂದಲೇ ಮುಂದುವರಿಯುವಂತೆಯೂ ಮಾಡಿದರು. ಒಮ್ಮೆ, ಬಿಡುಗಡೆಯ ಹಿಂದಿನ ಸಂಜೆ, ಹಿಂದಕ್ಕೆ ಮರಳುವ ಸ್ಕ್ರಿಪ್ಟ್ ಪರೀಕ್ಷೆಯಾಗಿಲ್ಲ ಎಂದು ನನ್ನ ನಿರ್ಧಾರವನ್ನು ಪ್ರಶ್ನಿಸಿದರು. ನಾವು 2 ದಿನ ತಡ ಮಾಡಿದೆವು, ಆ ಸ್ಕ್ರಿಪ್ಟಿನಲ್ಲಿ ನಿಜವಾಗಿ ದೋಷವಿತ್ತು. ಅವರು ಸರಿ, ನಾನು ತಪ್ಪು. ಕೆಡಬಾರದ ವ್ಯವಸ್ಥೆಯನ್ನು ನೋಡಿಕೊಳ್ಳುವ ಯಾವ ತಂಡಕ್ಕೂ ನಾನು ಅವರನ್ನು ಸೇರಿಸಿಕೊಳ್ಳುತ್ತೇನೆ.”

ಇದರಲ್ಲಿ ನಗುಮುಖ ಇಲ್ಲ, ಅತ್ತೆಯವರ ಕಾಯಿಲೆ ಇಲ್ಲ. ಯಾಕೆ ಬಿಟ್ಟಳು ಎಂದು ಹೇಳುವ ಹಕ್ಕು ಅವಳದು, ಬೇಕಾದಾಗ ಬೇಕಾದವರಿಗೆ ಹೇಳಿಕೊಳ್ಳುತ್ತಾಳೆ. ‘ಪರಿಶ್ರಮಿ’ ಎಂಬ ಪದವೂ ಇಲ್ಲ, ಓದಿದವರಿಗೆ ತಾನೇ ತಿಳಿಯುತ್ತದೆ. ‘ಅವರು ಸರಿ, ನಾನು ತಪ್ಪು’ ಎಂದು ಬರೆಯಲು ನನಗೆ ಸ್ವಲ್ಪ ಹಿಂಜರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಅದು ನನ್ನ ಪುಟದಲ್ಲೂ, ನಾನು ಬರೆದುಕೊಟ್ಟ ಶಿಫಾರಸುಗಳ ಪಟ್ಟಿಯಲ್ಲಿ, ಕಾಣುತ್ತದೆ. ಆದರೆ ಬರೆದವರಿಗೇ ಸ್ವಲ್ಪ ಚುಚ್ಚುವ ಮಾತು ಇದ್ದರೆ, ಉಳಿದದ್ದನ್ನೂ ಓದುವವರು ನಂಬುತ್ತಾರೆ.

ನಾನು ಬರೆದ ದಿನವೇ ತಿರುಗಿ ನನಗೂ ಒಂದು ಬರೆದುಕೊಡುತ್ತೇನೆ ಅಂದಳು ಮೇಘನಾ. ಬೇಡ ಅಂದೆ. ಶಿಫಾರಸಿನ ಜೊತೆ ತಾರೀಖು ಕಾಣುತ್ತದೆ. ಒಂದೇ ದಿನ ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿದರೆ ಅದು ಮದುವೆಮನೆಯ ಮುಯ್ಯಿ ಕೊಟ್ಟ ಹಾಗೆ ಕಾಣುತ್ತದೆ.

ಎಂಟು ತಿಂಗಳ ಮೇಲೆ ಅವಳ ಫೋನ್ ಬಂತು. ಹುಬ್ಬಳ್ಳಿಯಿಂದಲೇ ಆನ್‌ಲೈನ್ ಸಂದರ್ಶನ ಕೊಟ್ಟಿದ್ದಳು. “ಅಕ್ಕಾರ, ಗ್ಯಾಪ್ ಯಾಕ ಅಂತ ಮೊದಲ ಕೇಳ್ತಾರ ಅಂದ್ಕೊಂಡಿದ್ದೆ. ರಿಲೀಸ್ ಹೆಂಗ ನಿಲ್ಲಿಸಿದಿ, ಅದನ್ನ ಹೇಳು ಅಂದ್ರು ನೋಡ್ರಿ.” ಇಪ್ಪತ್ತು ನಿಮಿಷ ಅದನ್ನೇ ಮಾತಾಡಿದಳಂತೆ. ಗ್ಯಾಪಿನ ಬಗ್ಗೆಯೂ ಕೇಳಿದರು, ಆದರೆ ಕೊನೆಗೆ. ಕೆಲಸ ಸಿಕ್ಕಿತು. ಸಿಕ್ಕಿದ್ದು ಅವಳ ಉತ್ತರಗಳಿಂದ, ನನ್ನ ಶಿಫಾರಸಿನಿಂದಲ್ಲ. ಆದರೆ ಸರಿಯಾದ ಪ್ರಶ್ನೆ ಮೊದಲು ಬರುವಂತೆ ಆ ಕೆಲವು ಸಾಲು ಮಾಡಿದವು.

ಇಲ್ಲಿರುವ ಅನೇಕರ ಕೈಕೆಳಗೆ ಜನ ಕೆಲಸ ಮಾಡುತ್ತಾರೆ. ಮುಂದಿನ ಸಲ ಯಾರಾದರೂ ಹೊರಟು ನಿಂತಾಗ, ಅವರು ನಿಮಗೆ “ಇಲ್ಲ” ಅಂದ ದಿನ ಯಾವುದು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಬರೆಯಬೇಕಾದದ್ದು ಅಲ್ಲೇ ಸಿಕ್ಕರೂ ಸಿಗಬಹುದು.