ಮನೆಯವರು ತೀರಿಕೊಂಡ ಮೇಲೆ ಆಸ್ಪತ್ರೆಗೆ ಬರೆಯುವ ಪತ್ರ

(ಮಿರ್ಲೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾತಿನ ಬರಹ ರೂಪ)



ಆಸ್ಪತ್ರೆಯಲ್ಲಿ ಮನೆಯವರೊಬ್ಬರು ತೀರಿಕೊಂಡರೆ ನಮ್ಮ ಕಡೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ವಾರ್ಡಿನ ಬಾಗಿಲಲ್ಲೇ ಗಲಾಟೆಯಾಗುತ್ತದೆ. ಇಲ್ಲವಾದರೆ "ಹಣೇಲಿ ಬರೆದಿತ್ತು" ಅಂತ ಸುಮ್ಮನೆ ಊರಿಗೆ ಬಂದುಬಿಡುತ್ತೇವೆ. ಗಲಾಟೆ ಮಾಡಿದವರಿಗೂ ಸುಮ್ಮನೆ ಬಂದವರಿಗೂ ಆ ರಾತ್ರಿ ಏನಾಯ್ತು ಅನ್ನೋದು ಕೊನೆಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಕಾಗದದಲ್ಲಿ ಕೇಳಬೇಕು. ಅದನ್ನು ಹೇಗೆ ಕೇಳುವುದು ಅನ್ನೋದನ್ನ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ನಮ್ಮ ಹೋಬಳಿಯ ಒಂದು ಮನೆ ಅಂದುಕೊಳ್ಳಿ. ಅತ್ತೆಗೆ ಉಬ್ಬಸ ಜಾಸ್ತಿಯಾಗಿ ರಾತ್ರಿ 10.40ಕ್ಕೆ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಸೊಸೆ ಪಕ್ಕದಲ್ಲೇ ಇದ್ದಳು. ಎರಡು ಗಂಟೆಗೆ ಉಸಿರಾಟ ಬಿಗಿಯಾಯ್ತು. ಸಿಸ್ಟರು ಓಡಿಬಂದು ಆಕ್ಸಿಜನ್ ಹೆಚ್ಚು ಮಾಡಿ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಬಂದಾಗ ಮೂರೂವರೆ. 4.20ಕ್ಕೆ ಅತ್ತೆ ತೀರಿಕೊಂಡರು.

ಆ ಸಿಟ್ಟಿನಲ್ಲಿ ಸೊಸೆ ಬರೆಯುವ ಮೊದಲ ಪತ್ರ ಹೀಗಿರುತ್ತದೆ: "ಡಾಕ್ಟರು ರಾತ್ರಿಯೆಲ್ಲ ಬರಲೇ ಇಲ್ಲ, ನೀವೇ ಕೊಂದಿರಿ." ಇದಕ್ಕೆ ಆಸ್ಪತ್ರೆಯವರು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಹುದು: "ವೈದ್ಯರು 3.30ಕ್ಕೆ ಬಂದಿದ್ದಾರೆ, ಆರೋಪ ಸುಳ್ಳು." ಬರಲೇ ಇಲ್ಲ ಅಂದದ್ದು ತಪ್ಪಾದ್ದರಿಂದ ಇಡೀ ಪತ್ರವೇ ಬಿದ್ದುಹೋಗುತ್ತದೆ. ಒಂದೂವರೆ ಗಂಟೆ ತಡ ಯಾಕಾಯ್ತು ಅನ್ನುವ ನಿಜವಾದ ಪ್ರಶ್ನೆ ಹಾಗೇ ಉಳಿಯುತ್ತದೆ.

ಅದಕ್ಕೇ ಪತ್ರ ಬರೆಯುವ ಮೊದಲು ಮೂರು ವಿಷಯಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ: ನಾವು ಕಣ್ಣಾರೆ ಕಂಡದ್ದು, ಬೇರೆಯವರಿಂದ ಕೇಳಿದ್ದು, ನಮಗೆ ಗೊತ್ತಿಲ್ಲದ್ದು. ಕಂಡದ್ದನ್ನು ಹೊತ್ತಿನ ಸಮೇತ ಬರೆಯಬೇಕು. ಕೇಳಿದ್ದನ್ನು "ಹೀಗೆಂದು ತಿಳಿಸಿದರು" ಎಂದು ಬರೆಯಬೇಕು. ಗೊತ್ತಿಲ್ಲದ್ದನ್ನು ಪ್ರಶ್ನೆಯಾಗಿ ಕೇಳಬೇಕು. ಡಾಕ್ಟರು ಆ ಹೊತ್ತಿನಲ್ಲಿ ಇನ್ನೊಂದು ಎಮರ್ಜೆನ್ಸಿಯಲ್ಲಿ ಇದ್ದಿರಬಹುದು, ಫೋನಿನಲ್ಲೇ ಔಷಧಿ ಹೇಳಿರಬಹುದು. ಇಲ್ಲವೇ ಮಲಗಿದ್ದಿರಲೂಬಹುದು. ಮೂರರಲ್ಲಿ ಯಾವುದು ಅಂತ ಬಲ್ಲವರು ಅವರು, ನಾವಲ್ಲ. ಹೊತ್ತು ಮರೆತುಹೋಗುವ ಮೊದಲೇ, ತಿಥಿ ಮುಗಿಯಲಿ ಅಂತ ಕಾಯದೆ, ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದಿರಿ ಅನ್ನೋದು ನಿಮ್ಮ ಮೊಬೈಲಿನಲ್ಲೇ ಇರುತ್ತದೆ.

ಈಗ ಪತ್ರ ಹೀಗಾಗುತ್ತದೆ:

"ಗೆ, ಆಡಳಿತ ವೈದ್ಯಾಧಿಕಾರಿಗಳು.
ವಿಷಯ: ನಮ್ಮ ಅತ್ತೆಯವರ ಸಾವಿನ ಬಗ್ಗೆ ಕೃತಜ್ಞತೆ ಮತ್ತು ಕೆಲವು ಪ್ರಶ್ನೆಗಳು. (ಹೆಸರು, ವಯಸ್ಸು, ಐ.ಪಿ. ನಂಬರ್, ವಾರ್ಡ್, ಸೇರಿದ ಮತ್ತು ತೀರಿಕೊಂಡ ದಿನಾಂಕ, ಹೊತ್ತು)
ಮಾನ್ಯರೇ,
ಆ ರಾತ್ರಿ ಪಾಳಿಯಲ್ಲಿದ್ದ ಸಿಸ್ಟರ್ ಕರೆದಾಗಲೆಲ್ಲ ಬಂದು ನೋಡಿದರು. ಕೊನೆಯವರೆಗೂ ಅತ್ತೆಯ ಪಕ್ಕದಲ್ಲಿದ್ದರು. ಅವರಿಗೆ ನಮ್ಮ ಕೃತಜ್ಞತೆ ತಿಳಿಸಬೇಕೆಂದು ಕೋರುತ್ತೇವೆ.
2 ಗಂಟೆಗೆ ಉಸಿರಾಟ ಹದಗೆಟ್ಟಿತು. ಸಿಸ್ಟರ್ ವೈದ್ಯರಿಗೆ ಫೋನ್ ಮಾಡಿದ್ದನ್ನು ನಾವು ನೋಡಿದೆವು. ವೈದ್ಯರು 3.30ಕ್ಕೆ ಬಂದರು. ದಯವಿಟ್ಟು ತಿಳಿಸಿ:
1. 2ರಿಂದ 3.30ರವರೆಗೆ ಯಾವ ಚಿಕಿತ್ಸೆ ನೀಡಲಾಯಿತು, ಯಾರ ಸೂಚನೆಯಂತೆ?
2. ವೈದ್ಯರು ಬರಲು ತಡವಾದ ಕಾರಣವೇನು?
3. ದೊಡ್ಡ ಆಸ್ಪತ್ರೆಗೆ ಕಳಿಸುವ ಬಗ್ಗೆ ಯೋಚಿಸಲಾಗಿತ್ತೇ?
ಕೇಸ್ ಶೀಟಿನ ಪೂರ್ತಿ ಪ್ರತಿ, ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿ ಕೊಡಬೇಕೆಂದು ಕೋರುತ್ತೇವೆ. ಲಿಖಿತ ಉತ್ತರಕ್ಕಾಗಿ ಕಾಯುತ್ತೇವೆ."

ಪತ್ರ ಇಷ್ಟೇ, ಒಂದು ಪುಟ ದಾಟುವುದಿಲ್ಲ. ಕೃತಜ್ಞತೆಯನ್ನು ಸಿಹಿಮಾತಿಗಾಗಿ ಹಾಕಿಲ್ಲ. ಒಳ್ಳೆಯ ಕೆಲಸ ಮಾಡಿದ ಸಿಸ್ಟರಿಗೆ ಅದು ಸಲ್ಲಬೇಕು, ನಾಳೆ ತನಿಖೆ ಬಂದರೆ ತಪ್ಪು ಅವರ ತಲೆಗೆ ಬರಬಾರದು. ಪ್ರಶ್ನೆಗಳಿಗೆ ನಂಬರ್ ಹಾಕಿದ್ದಕ್ಕೂ ಕಾರಣವಿದೆ. "ಸೂಕ್ತ ಚಿಕಿತ್ಸೆ ನೀಡಲಾಗಿದೆ" ಎಂದಷ್ಟೇ ಉತ್ತರ ಬಂದರೆ "ನಮ್ಮ 2ನೇ ಪ್ರಶ್ನೆಗೆ ಉತ್ತರ ಬಂದಿಲ್ಲ" ಅಂತ ನೆನಪೋಲೆ ಬರೆಯಲು ಸುಲಭ.

ಇನ್ನು ಕೇಸ್ ಶೀಟು. ಕಾಗದಗಳಲ್ಲೆಲ್ಲ ಮುಖ್ಯವಾದದ್ದು ಇದೇ. ಇದರಲ್ಲಿ ಡಾಕ್ಟರು ಬರೆದದ್ದು ಬೇರೆ, ಸಿಸ್ಟರು ಬರೆದದ್ದು ಬೇರೆ, ಔಷಧಿ ಕೊಟ್ಟ ಪಟ್ಟಿ ಬೇರೆ ಇರುತ್ತದೆ. ಮೂರನ್ನೂ ಅಕ್ಕಪಕ್ಕ ಇಟ್ಟು ಹೊತ್ತು ತಾಳೆ ನೋಡಬೇಕು. ಡಾಕ್ಟರಿಗೆ ತಿಳಿಸಿದ್ದು 2.05ಕ್ಕೆ ಅಂತ ಸಿಸ್ಟರು ಬರೆದಿದ್ದು, ಫೋನಿನಲ್ಲಿ ಹೇಳಿದ ಇಂಜೆಕ್ಷನ್ 2.15ಕ್ಕೆ ಕೊಟ್ಟಿದ್ದರೆ ನಮ್ಮ ಅನುಮಾನ ಅರ್ಧ ಕಳೆಯಿತು. 2ರಿಂದ 3.30ರವರೆಗೆ ಒಂದು ಅಕ್ಷರವೂ ಇಲ್ಲದಿದ್ದರೆ ಆ ಖಾಲಿ ಜಾಗವೇ ನಮ್ಮ ಮುಂದಿನ ಪ್ರಶ್ನೆ. ವೈದ್ಯರ ನಡವಳಿಕೆಯ 2002ರ ನಿಯಮಗಳ ಪ್ರಕಾರ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು. ಸಾವಿನ ಕಾರಣದ ಪ್ರಮಾಣಪತ್ರವನ್ನು ಹತ್ತಿರದ ಸಂಬಂಧಿಗೂ ಕೊಡಬೇಕು ಅಂತ 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ಹೋಗುವಾಗ ಸಂಬಂಧ ತೋರಿಸುವ ರೇಷನ್ ಕಾರ್ಡು, ಆಧಾರ್ ತೆಗೆದುಕೊಂಡು ಹೋಗಿ.

ಹೊತ್ತು, ದಾಖಲೆ ಅಂತ ಇಷ್ಟು ಯಾಕೆ ಹೇಳ್ತೀವಿ ಅಂದರೆ, ನಮ್ಮ ಪಕ್ಕದ ಚಾಮರಾಜನಗರವನ್ನೇ ನೆನೆಸಿಕೊಳ್ಳಿ. 2021ರ ಮೇ 2 ಮತ್ತು 3ರಂದು ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಕೋವಿಡ್ ರೋಗಿಗಳು ಸತ್ತರು. ಮೊದಲು ಹೇಳಿದ ಲೆಕ್ಕ 24. ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ ನೋಡಿದ ಮೇಲೆ ಲೆಕ್ಕ 36 ಆಯ್ತು. ಯಾರ ಸಾವು ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ ಅನ್ನೋ ಮಾತು ಬಂದಾಗ ಮನೆಯವರ ಕೈಯಲ್ಲಿ ಕಾಗದ ಇರಬೇಕು.

ಪತ್ರವನ್ನು ವಾರ್ಡಿನಲ್ಲಿ ಯಾರ ಕೈಗೋ ಕೊಟ್ಟು ಬರಬೇಡಿ. ತಾಲ್ಲೂಕು ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿ, ಮೈಸೂರಿನ ದೊಡ್ಡಾಸ್ಪತ್ರೆಯಂಥ ಕಡೆ ವೈದ್ಯಕೀಯ ಅಧೀಕ್ಷಕರು, ಇವರ ಹೆಸರಿಗೆ ಬರೆಯಿರಿ. ಎರಡು ಪ್ರತಿ ಮಾಡಿ, ಕಚೇರಿಯಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀತಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆ ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ದಾಖಲೆ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು.

ಈ ಪತ್ರದಿಂದ ಆಗದ್ದೂ ಇದೆ. ಡಾಕ್ಟರ ತಪ್ಪನ್ನು ಅದು ಸಾಬೀತು ಮಾಡುವುದಿಲ್ಲ. ಅದಕ್ಕೆ ಬೇರೆ ತಜ್ಞ ವೈದ್ಯರ ಅಭಿಪ್ರಾಯ ಬೇಕು. ಸಾವಿನ ಬಗ್ಗೆಯೇ ಬಲವಾದ ಅನುಮಾನವಿದ್ದರೆ ಮಣ್ಣು ಮಾಡುವ ಮೊದಲೇ ಪೊಲೀಸರಿಗೆ ತಿಳಿಸಿ ಪೋಸ್ಟ್ ಮಾರ್ಟಂ ಕೇಳಬೇಕು. ಆಮೇಲೆ ಎಷ್ಟು ಪತ್ರ ಬರೆದರೂ ಆ ಸಾಕ್ಷಿ ಸಿಗುವುದು ಕಷ್ಟ. ಹಣ ಕಟ್ಟಿದ ಖಾಸಗಿ ಆಸ್ಪತ್ರೆಯ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ 2 ವರ್ಷದೊಳಗೆ ಹೋಗಬೇಕು. ಪತ್ರಕ್ಕೆ ಉತ್ತರ ಬರಲಿ ಅಂತ ಕಾಯುತ್ತಾ ಕೂತರೂ ಆ ಗಡುವು ನಿಲ್ಲುವುದಿಲ್ಲ.

ಸಂಘದಲ್ಲಿ ಯಾರ ಮನೆಯಲ್ಲಾದರೂ ಇಂಥ ಸಾವು ಆದರೆ ಓದುಬರಹ ಬಲ್ಲ ಇಬ್ಬರು ಹೋಗಿ ಕೂತು, ಅವರು ಹೇಳಿದ್ದನ್ನು ಹೊತ್ತಿನ ಸಮೇತ ಬರೆದುಕೊಡಿ. ಸಹಿ ಮಾತ್ರ ಮನೆಯವರದೇ ಇರಲಿ.